ಮೊದಲ ಹೆರಿಗೆ ಸಿಜೇರಿಯನ್ ಆಗಿದ್ದರೆ ಎರಡನೆಯದು?

ಪ್ರಶ್ನೆ: ಎರಡು ವರ್ಷದ ಹಿಂದೆ ಮೊದಲ ಹೆರಿಗೆಗೆ ಆಸ್ಪತ್ರೆಗೆ ಸೇರಿ ರಾತ್ರಿಯಿಡೀ ನೋವು ತಿಂದೆ. ಕೊನೆಗೆ ಮಗುವಿನ ಹಾರ್ಟ್‌ಬೀಟ್ ಇಳೀತಿದೆ ಅಂತ ಅರ್ಜೆಂಟಾಗಿ ಸಿಜೇರಿಯನ್ ಮಾಡಿದರು. ನನ್ನ ನಾದಿನಿಗೂ ಸಿಜೇರಿಯನ್ನೇ, ಆದರೆ ಮಗು ತಿರುಗಿರಲಿಲ್ಲ ಅಂತ ಮೊದಲೇ ದಿನ ಗೊತ್ತುಮಾಡಿ ಮಾಡಿದ್ದು. ಅವಳು ವಾರದೊಳಗೆ ಓಡಾಡಿಕೊಂಡಿದ್ದಳು. ನಾನು ಎರಡು ತಿಂಗಳಾದರೂ ಸುಧಾರಿಸಿಕೊಳ್ಳಲಿಲ್ಲ, ಹೊಲಿಗೆಯಲ್ಲಿ ಕೀವೂ ಆಯಿತು. ಈಗ ಮತ್ತೆ ಐದು ತಿಂಗಳು. ಅವತ್ತು ಸಿಜೇರಿಯನ್ ನಿಜವಾಗಿಯೂ ಬೇಕಿತ್ತಾ? ಈ ಸಲ ನಾರ್ಮಲ್ ಆಗಬಹುದಾ? ನಮ್ಮತ್ತೆ "ಒಂದು ಸಲ ಕುಯ್ದ ಹೊಟ್ಟೆ, ಇನ್ನು ಮುಂದೆಲ್ಲ ಕುಯ್ಯೋದೇ" ಅಂತಾರೆ. ಡಿಸ್ಚಾರ್ಜ್ ಸಮ್ಮರಿ ಜೊತೆಗೆ ಕಳಿಸಿದ್ದೇನೆ.
— ಓದುಗರೊಬ್ಬರು, ಹಾಸನ

ಉತ್ತರ: ಡಿಸ್ಚಾರ್ಜ್ ಸಮ್ಮರಿ ಕಳಿಸಿದ್ದು ಬಹಳ ಒಳ್ಳೆಯದಾಯಿತು. ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಹೆಚ್ಚಿನವರ ಸಮ್ಮರಿಯಲ್ಲಿ "ತುರ್ತು ಸಿಜೇರಿಯನ್, ತಾಯಿ ಮಗು ಕ್ಷೇಮ" ಎಂಬ ಒಂದು ಸಾಲು ಬಿಟ್ಟು ಬೇರೇನೂ ಇರುವುದಿಲ್ಲ. ನಿಮ್ಮ ವೈದ್ಯರು ಗಂಟೆ ಗಂಟೆಯ ವಿವರ ಬರೆದಿದ್ದಾರೆ. ಅದನ್ನೇ ಹಿಡಿದು ಹೋಗೋಣ.

ರಾತ್ರಿ 8 ಗಂಟೆಗೆ ನೀವು ಸೇರಿದಾಗ ಗರ್ಭಕೋಶದ ಬಾಯಿ 3 ಸೆಂಟಿಮೀಟರ್ ತೆರೆದಿತ್ತು. 10 ಗಂಟೆಗೆ ನೀರು ಹೋಯಿತು. 1 ಗಂಟೆಗೆ ನೋವು ಹೆಚ್ಚಿಸಲು ಆಕ್ಸಿಟೋಸಿನ್ ಡ್ರಿಪ್ ಹಾಕಿದರು. 3 ಗಂಟೆಗೆ 7 ಸೆಂಟಿಮೀಟರ್ ಆಗಿತ್ತು. ಬೆಳಿಗ್ಗೆ 7ಕ್ಕೆ ಮತ್ತೆ ನೋಡಿದಾಗಲೂ ಅದೇ 7. ಮಗುವಿನ ತಲೆ ಕೆಳಗೇ ಇದ್ದರೂ ಮುಖ ತಾಯಿಯ ಹೊಟ್ಟೆಯ ಕಡೆಗೆ ತಿರುಗಿತ್ತು. 7:20ಕ್ಕೆ ನೀರಿನಲ್ಲಿ ಮಗುವಿನ ಮಲ ಕಾಣಿಸಿತು. ಪ್ರತಿ ನೋವು ಇಳಿಯುವ ಹೊತ್ತಿಗೆ ಎದೆಬಡಿತ 80-90ಕ್ಕೆ ಕುಸಿದು ನಿಧಾನವಾಗಿ ಮೇಲೇರುತ್ತಿತ್ತು. ಡ್ರಿಪ್ ನಿಲ್ಲಿಸಿ, ಎಡಮಗ್ಗುಲಿಗೆ ಮಲಗಿಸಿ ನೋಡಿದರು, ಸರಿಹೋಗಲಿಲ್ಲ. 8:05ಕ್ಕೆ ಮಗು ಹೊರಗೆ ಬಂದು ಕೂಡಲೇ ಅತ್ತಿತು. ತೂಕ 3.2 ಕೆ.ಜಿ.

ಇದರಲ್ಲಿ ಒಂದಲ್ಲ, ಎರಡು ಕಾರಣಗಳಿವೆ. ಮೊದಲನೆಯದು, ಹೆರಿಗೆ ಮುಂದುವರಿಯದೆ ನಿಂತದ್ದು. ಬಾಯಿ 6 ಸೆಂಟಿಮೀಟರ್ ದಾಟಿ, ನೀರು ಹೋಗಿ, ಒಳ್ಳೆಯ ನೋವು ಬರುತ್ತಿದ್ದರೂ 4 ಗಂಟೆ ಏನೂ ಬದಲಾಗದಿದ್ದರೆ ಮಾತ್ರ ಹೆರಿಗೆ ನಿಂತಿದೆ ಎನ್ನಬೇಕು. ಅದಕ್ಕಿಂತ ಮುಂಚೆ, 3-4 ಸೆಂಟಿಮೀಟರ್ ಇರುವಾಗಲೇ "ಆಗುತ್ತಿಲ್ಲ" ಎಂದು ಓಟಿಗೆ ಕರೆದೊಯ್ಯುವುದು ಅವಸರ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೆರಿಗೆಯ ಚುರುಕಿನ ಹಂತ 5 ಸೆಂಟಿಮೀಟರಿನಿಂದ ಶುರು ಎಂದು ಹೇಳಿದೆ. ಅದಕ್ಕೂ ಮೊದಲು ಗಂಟೆಗಟ್ಟಲೆ ನಿಧಾನವಾಗುವುದು ಮೊದಲ ಬಸುರಿಯಲ್ಲಿ ಸಹಜ. ನಿಮ್ಮಲ್ಲಿ ಅವರು ಅವಸರ ಮಾಡಿಲ್ಲ. ಎರಡನೆಯ ಕಾರಣ ಎದೆಬಡಿತ. ಮಗುವಿನ ಎದೆಬಡಿತ ಸಾಮಾನ್ಯವಾಗಿ ನಿಮಿಷಕ್ಕೆ 110ರಿಂದ 160. ನೋವಿನ ಜೊತೆಜೊತೆಗೆ ಸ್ವಲ್ಪ ಇಳಿದು, ನೋವು ಬಿಟ್ಟ ಕೂಡಲೇ ಏರಿದರೆ ಗಾಬರಿ ಬೇಡ, ತಲೆ ಒತ್ತುವುದರಿಂದ ಹಾಗಾಗುತ್ತದೆ. ನೋವು ಮುಗಿದ ಮೇಲೂ ತಡವಾಗಿ ಇಳಿದು ತಡವಾಗಿ ಏರಿದರೆ ಮಾಸಿನಿಂದ ಆಮ್ಲಜನಕ ಸಾಲುತ್ತಿಲ್ಲ ಎಂದರ್ಥ. ಡ್ರಿಪ್‌ನಿಂದ ನೋವು ಹತ್ತು ನಿಮಿಷಕ್ಕೆ ಐದಕ್ಕಿಂತ ಹೆಚ್ಚು ಬಂದರೂ ಮಗು ಹೀಗೆ ಬಳಲುತ್ತದೆ. ಅದಕ್ಕೇ ಮೊದಲು ಡ್ರಿಪ್ ನಿಲ್ಲಿಸಿ ನೋಡುವುದು. ನಿಲ್ಲಿಸಿದರೂ ಸರಿಹೋಗದೆ, ಬಾಯಿ ಇನ್ನೂ 7ರಲ್ಲೇ ಇದ್ದರೆ ಕೆಳಗಿನಿಂದ ಮಗುವನ್ನು ಬೇಗ ತೆಗೆಯಲು ದಾರಿಯಿಲ್ಲ. ಇಕ್ಕಳವಾಗಲೀ ವ್ಯಾಕ್ಯೂಮ್ ಆಗಲೀ ಬಾಯಿ ಪೂರ್ತಿ ತೆರೆದ ಮೇಲೆ ಮಾತ್ರ.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ: ಅವತ್ತು ಅದು ಬೇಕಿತ್ತು.

ನಿಮಗೆ ಅನುಮಾನ ಬಂದದ್ದರಲ್ಲಿ ತಪ್ಪೇನಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ 47.4 ಸಿಜೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3. ಕರ್ನಾಟಕದಲ್ಲಿ ಎಲ್ಲ ಸೇರಿ ಶೇ 31.5. ಗರ್ಭಿಣಿಯರ ದೇಹ ಖಾಸಗಿಯಲ್ಲಿ ಒಂದು ಥರ, ಸರ್ಕಾರಿಯಲ್ಲಿ ಒಂದು ಥರ ಇರುವುದಿಲ್ಲ. ಬೇಡದ ಸಿಜೇರಿಯನ್‌ಗಳು ಆಗುತ್ತಿವೆ ಎಂಬುದು ನಿಜ. "ಕೊರಳಿಗೆ ಬಳ್ಳಿ ಸುತ್ತಿಕೊಂಡಿದೆ" ಎಂದು ಸ್ಕ್ಯಾನಿಂಗ್ ನೋಡಿ ಮಾಡುವುದು ಅಂಥದ್ದೇ ಒಂದು. ಹುಟ್ಟುವ ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿರುತ್ತದೆ. ಅಂಥವರಲ್ಲಿ ಬಹುಪಾಲು ಮಕ್ಕಳು ಯಾವ ತೊಂದರೆಯೂ ಇಲ್ಲದೆ ಕೆಳಗಿನಿಂದಲೇ ಹುಟ್ಟುತ್ತವೆ. ನಿಮ್ಮದು ಆ ಗುಂಪಿಗೆ ಸೇರಿದ್ದಲ್ಲ.

ಇನ್ನೊಂದು ಮಾತು. "ಅರ್ಜೆಂಟ್" ಎಂದಾಕ್ಷಣ ಸಾವು ಬದುಕಿನ ಪ್ರಶ್ನೆಯಾಗಿತ್ತು ಎಂದುಕೊಂಡು ಅನೇಕ ತಾಯಂದಿರು ವರ್ಷಗಟ್ಟಲೆ ಹೆದರಿಕೊಂಡಿರುತ್ತಾರೆ. ತುರ್ತಿನಲ್ಲೂ ಮೆಟ್ಟಿಲುಗಳಿವೆ. ಹೊಕ್ಕುಳಬಳ್ಳಿ ತಲೆಗಿಂತ ಮುಂಚೆ ಜಾರಿ ಹೊರಗೆ ಬಂದರೆ, ಮಾಸು ಹೆರಿಗೆಗೆ ಮೊದಲೇ ಬಿಟ್ಟುಕೊಂಡು ಜೋರಾಗಿ ರಕ್ತ ಹೋದರೆ, ಗರ್ಭಕೋಶ ಬಿರಿದರೆ, ಆಗ ಒಂದೊಂದು ನಿಮಿಷವೂ ಲೆಕ್ಕ. ಅರ್ಧ ಗಂಟೆಯೊಳಗೆ ಮಗು ಹೊರಗೆ ಬರಬೇಕು, ಎಷ್ಟೋ ಸಲ ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಮಾಡಬೇಕಾಗುತ್ತದೆ. ನಿಮ್ಮದು ಅದರ ಕೆಳಗಿನ ಮೆಟ್ಟಿಲು. ಮುಕ್ಕಾಲು ಗಂಟೆ, ಒಂದು ಗಂಟೆಯಲ್ಲಿ ಮುಗಿಸಬೇಕಾದದ್ದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ನೀವು ಎಚ್ಚರವಾಗಿರುವಾಗಲೇ ಮಾಡಿದ್ದಾರೆ. ಅಷ್ಟು ಸಮಯ ಕೈಯಲ್ಲಿತ್ತು, ಅಷ್ಟರೊಳಗೆ ಮುಗಿಸಿದರು.

ಈಗ ನಿಮ್ಮ ನಾದಿನಿಯದು. ತುಂಬಿದ ತಿಂಗಳಲ್ಲಿ ನೂರಕ್ಕೆ ಮೂರು ನಾಲ್ಕು ಮಕ್ಕಳು ತಲೆ ಮೇಲೆ, ಕುಂಡಿ ಕೆಳಗೆ ಮಾಡಿಕೊಂಡಿರುತ್ತವೆ. 36-37ನೇ ವಾರದಲ್ಲಿ ಹೊಟ್ಟೆಯ ಮೇಲಿನಿಂದಲೇ ಕೈಯಲ್ಲಿ ಒತ್ತಿ ಮಗುವನ್ನು ತಿರುಗಿಸುವ ಪ್ರಯತ್ನ ಮಾಡಬಹುದು, ಸುಮಾರು ಅರ್ಧದಷ್ಟು ಜನರಲ್ಲಿ ಅದು ಕೈಗೂಡುತ್ತದೆ. ನಮ್ಮಲ್ಲಿ ಇದನ್ನು ಮಾಡುವವರು ಕಡಿಮೆ ಎಂಬುದು ನನ್ನ ಬೇಸರ. ತಿರುಗದಿದ್ದರೆ ದಿನ ಗೊತ್ತುಮಾಡಿದ ಸಿಜೇರಿಯನ್. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿರುವವರಿಗೂ, ಮಗು ಅಡ್ಡ ಮಲಗಿರುವವರಿಗೂ ಹೀಗೆಯೇ. ಇವೆಲ್ಲ ನೋವು ಶುರುವಾಗುವ ಮುಂಚೆಯೇ ಗೊತ್ತಿರುವ ಕಾರಣಗಳು. ಬೇರೆ ತೊಂದರೆ ಇಲ್ಲದಿದ್ದರೆ ಆ ದಿನ 39 ವಾರ ತುಂಬಿದ ಮೇಲಿರಬೇಕು. ಅದಕ್ಕೆ ಮುಂಚೆ ತೆಗೆದ ಮಗುವಿನ ಶ್ವಾಸಕೋಶದಲ್ಲಿ ನೀರು ಉಳಿದು, ಏದುಸಿರು ಬಂದು, ಎನ್‌ಐಸಿಯು ಸೇರುವ ಸಂಭವ ಹೆಚ್ಚು. ಜೋಯಿಸರು ಒಳ್ಳೆಯ ಮುಹೂರ್ತ ಕೊಟ್ಟಿದ್ದಾರೆ ಎಂದು 37ನೇ ವಾರದ ದಿನ ಹಿಡಿದು ಬರುವ ಮನೆಯವರಿಗೆ ನಾನು ಹೇಳುವುದಿಷ್ಟೇ: 39 ತುಂಬಿದ ಮೇಲಿನ ದಿನಗಳಲ್ಲಿ ಮುಹೂರ್ತ ಹುಡುಕಿಸಿ. ಮಾಸು ಅಡ್ಡ ಇರುವವರ ಲೆಕ್ಕ ಮಾತ್ರ ಬೇರೆ. ಅವರಿಗೆ ರಕ್ತ ಹೋಗುವ ಭಯ ಇರುವುದರಿಂದ ವೈದ್ಯರೇ ಇನ್ನೂ ಮುಂಚಿನ ದಿನ ಹೇಳುತ್ತಾರೆ.

ನಿಮ್ಮಿಬ್ಬರ ಹೊಟ್ಟೆಯ ಮೇಲಿನ ಗಾಯ ಒಂದೇ ಉದ್ದ, ಒಂದೇ ಜಾಗ. ಆದರೂ ಅವಳು ಬೇಗ ಎದ್ದಳು, ನೀವು ಏಳಲಿಲ್ಲ. ನಿಮ್ಮ ದೇಹ ಸೋಮಾರಿಯೂ ಅಲ್ಲ, ಬಾಣಂತನದಲ್ಲಿ ಲೋಪವೂ ಆಗಿಲ್ಲ. ಅವಳು ರಾತ್ರಿ ನಿದ್ದೆ ಮಾಡಿ, ಬೆಳಿಗ್ಗೆ ಸ್ನಾನ ಮಾಡಿ, ಆಂಟಿಬಯೋಟಿಕ್ ಹಾಕಿಸಿಕೊಂಡು ಓಟಿಗೆ ಹೋದವಳು. ನೀವು ಹನ್ನೆರಡು ಗಂಟೆ ನೋವು ತಿಂದು, ಊಟ ನಿದ್ದೆ ಇಲ್ಲದೆ, ನೀರು ಹೋಗಿ ಹತ್ತು ಗಂಟೆಯಾದ ಮೇಲೆ ಹೋದವರು. ನೀರು ಹೋದ ಮೇಲೆ ಯೋನಿಯಲ್ಲಿರುವ ರೋಗಾಣುಗಳು ಮೇಲಕ್ಕೆ ಹತ್ತುತ್ತವೆ, ಒಳಪರೀಕ್ಷೆ ಹೆಚ್ಚಾದಷ್ಟೂ ಹೆಚ್ಚು ಹತ್ತುತ್ತವೆ. ಗರ್ಭಕೋಶಕ್ಕೂ ಗಾಯಕ್ಕೂ ಸೋಂಕು ತಗಲುವುದು ಆ ದಾರಿಯಲ್ಲಿ. ಆರನೇ ದಿನ ನಿಮ್ಮ ಹೊಲಿಗೆಯಲ್ಲಿ ಕಂಡ ಕೀವಿಗೆ ಇದೇ ಕಾರಣ ಇರಬೇಕು. ಇದಲ್ಲದೆ, ಗಂಟೆಗಟ್ಟಲೆ ದುಡಿದು ದಣಿದ ಗರ್ಭಕೋಶ ಮಗು ಹೊರಗೆ ಬಂದ ಮೇಲೆ ಬಿಗಿಯಾಗಿ ಮುದುಡುವುದಿಲ್ಲ, ರಕ್ತ ಹೆಚ್ಚು ಹೋಗುತ್ತದೆ. ನಿಮಗೆ 900 ಮಿಲಿಲೀಟರ್ ಹೋಗಿದೆ ಎಂದು ಬರೆದಿದ್ದಾರೆ. ಅಷ್ಟು ರಕ್ತ ಕಳೆದುಕೊಂಡ ಬಾಣಂತಿಗೆ ಮೆಟ್ಟಿಲು ಹತ್ತಿದರೆ ಎದೆ ಬಡಿದುಕೊಳ್ಳುವುದು, ತಲೆ ತಿರುಗುವುದು ಎರಡು ತಿಂಗಳು ಇದ್ದರೂ ಆಶ್ಚರ್ಯವಿಲ್ಲ. ಹೆರಿಗೆಯಾದ ಮೇಲೆ ಹಿಮೋಗ್ಲೋಬಿನ್ ನೋಡಿದ ದಾಖಲೆ ನಿಮ್ಮ ಕಾಗದಗಳಲ್ಲಿಲ್ಲ. ಈಗ ಮಾಡಿಸಿ, 11ಕ್ಕಿಂತ ಕಡಿಮೆ ಇದ್ದರೆ ಎರಡನೇ ಹೆರಿಗೆಗೆ ಮುಂಚೆ ಸರಿಮಾಡಿಕೊಳ್ಳಲು ಇನ್ನೂ ನಾಲ್ಕು ತಿಂಗಳಿದೆ.

ನಾರ್ಮಲ್ ಹೆರಿಗೆಯಾದವರು ಸಾಮಾನ್ಯವಾಗಿ ಕೆಲವೇ ಗಂಟೆಯಲ್ಲಿ ಎದ್ದು ಓಡಾಡುತ್ತಾರೆ, ಎರಡು ದಿನಕ್ಕೆ ಮನೆಗೆ ಹೋಗುತ್ತಾರೆ. ಹಾಗೆಂದು ಅವರಿಗೆ ಏನೂ ನೋವಿಲ್ಲ ಎಂದಲ್ಲ. ಕೆಳಗಿನ ಹೊಲಿಗೆ ಎರಡು ಮೂರು ವಾರ ಕೂರಲು ಬಿಡುವುದಿಲ್ಲ. ಕೆಲವರಿಗೆ ಸೀಳು ಗುದದ್ವಾರದ ಸ್ನಾಯುವಿನವರೆಗೂ ಹೋಗುತ್ತದೆ. ಕೆಮ್ಮಿದರೆ ಮೂತ್ರ ಜಿನುಗುವುದು, ಮುಂದೆ ಗರ್ಭಕೋಶ ಜಾರುವುದು ಇವರಲ್ಲೇ ಹೆಚ್ಚು. ಸಿಜೇರಿಯನ್ ಆದವರಿಗೆ ಆ ತೊಂದರೆ ಕಡಿಮೆ, ಆದರೆ ಅವರದು ಹೊಟ್ಟೆಯ ದೊಡ್ಡ ಆಪರೇಷನ್. ಚರ್ಮ, ಕೊಬ್ಬು, ಅದರ ಕೆಳಗಿನ ಗಟ್ಟಿ ಪೊರೆ, ಹೊಟ್ಟೆಯ ಒಳಪೊರೆ, ಕೊನೆಗೆ ಗರ್ಭಕೋಶ, ಇಷ್ಟನ್ನೂ ಕುಯ್ದು ಹೊಲಿದಿರುತ್ತಾರೆ. ಹೊಟ್ಟೆಯ ಸ್ನಾಯುವನ್ನು ಮಾತ್ರ ಸಾಮಾನ್ಯವಾಗಿ ಕುಯ್ಯುವುದಿಲ್ಲ, ಎರಡು ಪಕ್ಕಕ್ಕೆ ಸರಿಸುತ್ತಾರೆ. ಆಸ್ಪತ್ರೆಯಲ್ಲಿ ಮೂರು ನಾಲ್ಕು ದಿನ, ನೋವು ಒಂದು ಹದಕ್ಕೆ ಬರಲು ಎರಡು ವಾರ, ಮಗುವಿಗಿಂತ ಭಾರದ್ದನ್ನು ಎತ್ತಲು ಆರು ವಾರ. ಗಾಯದ ಮೇಲ್ಗಡೆ ಜೋಮು ಹಿಡಿದಂತೆ ಸ್ಪರ್ಶ ಇಲ್ಲದಿರುವುದು ತಿಂಗಳುಗಟ್ಟಲೆ ಇರುತ್ತದೆ. ಚರ್ಮದ ಸಣ್ಣ ನರಗಳು ಕತ್ತರಿಸಿಹೋಗಿರುವುದರಿಂದ ಹಾಗೆ, ಅದು ಸೋಂಕಲ್ಲ. ಬೆನ್ನಿನ ಇಂಜೆಕ್ಷನ್‌ನಿಂದ ಜೀವಮಾನವಿಡೀ ಸೊಂಟನೋವು ಎಂಬ ಮಾತನ್ನು ನಂಬಬೇಡಿ. ನಾರ್ಮಲ್ ಆದವರಿಗೂ ಅಷ್ಟೇ ಸೊಂಟನೋವು ಬರುತ್ತದೆ. ಬಗ್ಗಿ ಹಾಲೂಡಿಸುವುದು, ಬಗ್ಗಿ ಮಗು ಎತ್ತುವುದು ಅದರ ಮುಖ್ಯ ಕಾರಣ.

ಸಿಜೇರಿಯನ್ ನಂತರ ನಾನು ಎಲ್ಲಕ್ಕಿಂತ ಹೆದರುವುದು ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೆ. ನಾರ್ಮಲ್ ಹೆರಿಗೆಗಿಂತ ಅದರ ಸಂಭವ ಸುಮಾರು ನಾಲ್ಕು ಪಟ್ಟು, ತುರ್ತಿನದಾದರೆ ಇನ್ನೂ ಹೆಚ್ಚು. ನಮ್ಮ ಬಾಣಂತನದ ಎರಡು ಪದ್ಧತಿಗಳು ಇದಕ್ಕೆ ನೇರವಾಗಿ ದಾರಿ ಮಾಡಿಕೊಡುತ್ತವೆ. ಒಂದು, "ನೀರು ಕುಡಿದರೆ ಹೊಟ್ಟೆ ಬರುತ್ತದೆ, ಹೊಲಿಗೆ ಕೀವು ಕಟ್ಟುತ್ತದೆ" ಎಂದು ಬಾಣಂತಿಗೆ ಲೋಟ ಲೆಕ್ಕದಲ್ಲಿ ನೀರು ಕೊಡುವುದು. ಇನ್ನೊಂದು, ಮಂಚ ಬಿಟ್ಟು ಇಳಿಯಬೇಡ ಎನ್ನುವುದು. ನೀರು ಕಡಿಮೆಯಾದರೆ ರಕ್ತ ಮಂದವಾಗುತ್ತದೆ, ಮಲ ಗಟ್ಟಿಯಾಗುತ್ತದೆ, ಮೂತ್ರದ ಸೋಂಕು ಬರುತ್ತದೆ. ಕೀವಿಗೂ ನೀರಿಗೂ ಸಂಬಂಧವೇ ಇಲ್ಲ. ಆಪರೇಷನ್ ಆದ ದಿನವೇ ಅಥವಾ ಮರುದಿನ ಬೆಳಿಗ್ಗೆ ಎದ್ದು ನಡೆಯಬೇಕು. ಬಾಯಾರಿದಷ್ಟೂ, ಹಾಲೂಡಿಸುವಾಗಲೆಲ್ಲ ಒಂದೊಂದು ಲೋಟವಾದರೂ ನೀರು ಕುಡಿಯಬೇಕು. ಎಣ್ಣೆ ನೀರು ಹಾಕಿಸಿಕೊಳ್ಳಲು ನನ್ನ ಅಡ್ಡಿ ಇಲ್ಲ. ಆದರೆ ಗಾಯ ಪೂರ್ತಿ ಒಣಗುವ ತನಕ ಗಾಯದ ಮೇಲೆ ಎಣ್ಣೆ ಅರಿಸಿನ ಹಚ್ಚಿ ತಿಕ್ಕಬೇಡಿ. ಹೊಟ್ಟೆ ಕಟ್ಟುವ ಬಟ್ಟೆ ನಡೆಯುವಾಗ ಆಸರೆಯಾಗುವಷ್ಟು ಸಡಿಲವಾಗಿರಲಿ, ಉಸಿರು ಬಿಗಿಯುವಷ್ಟಲ್ಲ. ಒಂದೇ ಕಾಲು ಊದಿ ಮೀನಖಂಡ ನೋವು ಬಂದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, 38 ಡಿಗ್ರಿ ಸೆಲ್ಸಿಯಸ್ ದಾಟಿ ಜ್ವರ ಬಂದರೆ, ಗಂಟೆಗೊಂದು ಪ್ಯಾಡ್ ತೊಯ್ದುಹೋದರೆ, ಕೆಳಗಿನ ಸ್ರಾವ ನಾತ ಬಂದರೆ ಮನೆಮದ್ದಿಗೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಮುಂದಿನದು ನಿಮ್ಮ ಅತ್ತೆಯವರ ಮಾತು. ಅದು ಒಂದು ಕಾಲದಲ್ಲಿ ವೈದ್ಯರದೂ ಮಾತಾಗಿತ್ತು. ಹಿಂದೆ ಗರ್ಭಕೋಶದ ಮೇಲ್ಭಾಗವನ್ನು ಉದ್ದುದ್ದ ಕುಯ್ಯುತ್ತಿದ್ದರು. ಆ ಭಾಗ ದಪ್ಪ ಸ್ನಾಯು, ನೋವು ಬಂದಾಗ ಎಲ್ಲಕ್ಕಿಂತ ಬಲವಾಗಿ ಹಿಂಡುವ ಜಾಗ. ಹಾಗಾಗಿ ಮುಂದಿನ ಹೆರಿಗೆಯಲ್ಲಿ ಅಲ್ಲೇ ಬಿರಿಯುತ್ತಿತ್ತು. ಈಗ ಬಹುತೇಕ ಎಲ್ಲರಿಗೂ ಕೆಳಭಾಗದಲ್ಲಿ, ಮೂತ್ರಕೋಶದ ಹಿಂದೆ, ಅಡ್ಡಡ್ಡ ಕುಯ್ಯುತ್ತಾರೆ. ಅದು ತೆಳು ಭಾಗ, ನೋವಿನಲ್ಲಿ ಹಿಂಡುವ ಬದಲು ಹಿಗ್ಗುತ್ತದೆ. ಇಲ್ಲೊಂದು ಎಚ್ಚರ: ಹೊರಗಿನ ಚರ್ಮದ ಗಾಯ ಅಡ್ಡ ಇದೆ ಎಂದ ಮಾತ್ರಕ್ಕೆ ಒಳಗೂ ಅಡ್ಡ ಎಂದು ತಿಳಿಯಬಾರದು. ತುಂಬಾ ಮುಂಚೆ ಹುಟ್ಟಿದ ಮಗುವಿಗೆ, ಅಡ್ಡ ಮಲಗಿದ ಮಗುವಿಗೆ ಕೆಲವೊಮ್ಮೆ ಒಳಗೆ ಉದ್ದ ಕುಯ್ಯಬೇಕಾಗುತ್ತದೆ. ಅದು ಗೊತ್ತಾಗುವುದು ಆಪರೇಷನ್ ಟಿಪ್ಪಣಿಯಿಂದ ಮಾತ್ರ. ನಿಮ್ಮದರಲ್ಲಿ "ಕೆಳಭಾಗದ ಅಡ್ಡ ಗಾಯ, ಸೀಳು ಮುಂದುವರಿದಿಲ್ಲ, ಎರಡು ಪದರದಲ್ಲಿ ಹೊಲಿದಿದೆ" ಎಂದು ಬರೆದಿದ್ದಾರೆ. ಈ ಒಂದು ಸಾಲಿನಿಂದ ನಿಮಗೆ ನಾರ್ಮಲ್ ಹೆರಿಗೆ ಪ್ರಯತ್ನಿಸುವ ಬಾಗಿಲು ತೆರೆಯುತ್ತದೆ. ಆ ಹಾಳೆಯ ನಕಲು ತೆಗೆದು ತಾಯಿ ಕಾರ್ಡಿನ ಜೊತೆ ಇಟ್ಟುಕೊಳ್ಳಿ.

ನಿಮ್ಮಂತೆ ಒಂದು ಸಿಜೇರಿಯನ್ ಆಗಿ, ಕೆಳಭಾಗದ ಅಡ್ಡ ಗಾಯ ಇರುವವರು ನಾರ್ಮಲ್‌ಗೆ ಪ್ರಯತ್ನಿಸಿದರೆ ನಾಲ್ವರಲ್ಲಿ ಸುಮಾರು ಮೂವರಿಗೆ ಅದು ಆಗುತ್ತದೆ. ಮೊದಲ ಬಾರಿಯ ಕಾರಣ ಮರುಕಳಿಸದಂಥದ್ದಾಗಿದ್ದರೆ ಅವಕಾಶ ಇನ್ನೂ ಹೆಚ್ಚು. ನಿಮ್ಮ ನಾದಿನಿಯದು ಅಂಥದ್ದು, ಮುಂದಿನ ಮಗು ತಲೆ ಕೆಳಗೆ ಮಾಡಿಕೊಂಡರೆ ಅವಳಿಗೆ ಅಡ್ಡಿಯೇ ಇಲ್ಲ. ಹೆರಿಗೆ ನಿಂತುಹೋದದ್ದು ಕಾರಣವಾಗಿದ್ದರೆ ಅವಕಾಶ ಸ್ವಲ್ಪ ಇಳಿಯುತ್ತದೆ, ಆದರೂ ಅರ್ಧಕ್ಕಿಂತ ಮೇಲೇ ಇರುತ್ತದೆ. ನಿಮ್ಮ ಪರವಾಗಿ ಎರಡು ಅಂಶಗಳಿವೆ. ನೀವು 7 ಸೆಂಟಿಮೀಟರಿನವರೆಗೆ ತಲುಪಿದ್ದಿರಿ. ಮಗುವಿನ ಮುಖ ಮುಂದಕ್ಕೆ ತಿರುಗಿದ್ದರಿಂದ ತಲೆಯ ಅಗಲವಾದ ಭಾಗ ಕೆಳಗೆ ಬಂದು ಸಿಕ್ಕಿಕೊಂಡಿತ್ತು. 3.2 ಕೆ.ಜಿ. ಮಗುವಿಗೆ ನಿಮ್ಮ ಸೊಂಟದ ಎಲುಬು ಚಿಕ್ಕದು ಎಂದು ಅದರಿಂದ ತೀರ್ಮಾನಿಸಲಾಗದು. ಈ ಮಗು ಸರಿಯಾಗಿ ತಿರುಗಿ ಬಂದರೆ ಅದೇ ಎಲುಬಿನ ಗೂಡಿನಲ್ಲಿ ಇಳಿಯಬಹುದು. ಅಂತರವೂ ಸಾಕಷ್ಟಿದೆ. ಎರಡು ಹೆರಿಗೆಗಳ ನಡುವೆ ಒಂದೂವರೆ ವರ್ಷಕ್ಕಿಂತ ಕಡಿಮೆ ಇದ್ದರೆ ಒಳಗಾಯ ಬಿರಿಯುವ ಸಂಭವ ಏರುತ್ತದೆ, ನಿಮ್ಮದು ಎರಡು ವರ್ಷ ದಾಟುತ್ತದೆ.

ಅಪಾಯವನ್ನೂ ಅಷ್ಟೇ ನೇರವಾಗಿ ಹೇಳಬೇಕು. ನೋವು ಬಂದ ಮೇಲೆ ಹಳೆಯ ಗಾಯ ಬಿರಿಯುವ ಸಂಭವ 200ರಲ್ಲಿ ಒಂದು. ನೋವೇ ಬರದಂತೆ ಮುಂಚೆ ಸಿಜೇರಿಯನ್ ಮಾಡಿಬಿಟ್ಟರೆ ಅದು 5,000ದಲ್ಲಿ ಒಂದಕ್ಕಿಂತ ಕಡಿಮೆ. ನೋವು ಬರಿಸಲು ಔಷಧಿ ಕೊಟ್ಟರೆ, ಜೋರಾಗಿ ಡ್ರಿಪ್ ಹಾಕಿದರೆ ಈ ಅಪಾಯ ಎರಡು ಮೂರು ಪಟ್ಟು ಆಗುತ್ತದೆ. ಮಿಸೊಪ್ರೊಸ್ಟಾಲ್ ಮಾತ್ರೆಯನ್ನಂತೂ ಹಳೆಯ ಸಿಜೇರಿಯನ್ ಇರುವವರಿಗೆ ತುಂಬಿದ ತಿಂಗಳಲ್ಲಿ ನೋವು ಬರಿಸಲು ಬಳಸಲೇಬಾರದು. ಬಿರಿದದ್ದು ಗೊತ್ತಾಗುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಸಿನಿಮಾದಲ್ಲಿ ತೋರಿಸುವಂತೆ ಚೀರಾಟ, ರಕ್ತದ ಕೋಡಿ ಯಾವಾಗಲೂ ಇರುವುದಿಲ್ಲ. ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಹೆಚ್ಚು ಜನರಲ್ಲಿ ಕಾಣುವುದು ಮಗುವಿನ ಎದೆಬಡಿತದ ಏರುಪೇರು. ಆಮೇಲೆ, ಎರಡು ನೋವುಗಳ ನಡುವೆ ಬಿಡುವಿಲ್ಲದೆ ಹಳೆಯ ಗಾಯದ ಜಾಗದಲ್ಲೇ ಇರುವ ನೋವು, ಬರುತ್ತಿದ್ದ ನೋವು ತಟ್ಟನೆ ನಿಲ್ಲುವುದು, ಮೂತ್ರದಲ್ಲಿ ರಕ್ತ, ಕೆಳಗಿಳಿದಿದ್ದ ಮಗುವಿನ ತಲೆ ಮತ್ತೆ ಮೇಲೆ ಹೋಗುವುದು. ಬೇಗ ಗುರುತಿಸಿ ಹೊಟ್ಟೆ ತೆರೆದರೆ ಬಹುತೇಕ ತಾಯಿ ಮಗು ಇಬ್ಬರೂ ಉಳಿಯುತ್ತಾರೆ. ತಡವಾದರೆ ಮಗುವಿನ ಮೆದುಳಿಗೆ ಪೆಟ್ಟು ಬೀಳಬಹುದು, ಮಗು ಹೋಗಬಹುದು, ತಾಯಿ ಗರ್ಭಕೋಶ ಕಳೆದುಕೊಳ್ಳಬಹುದು. ಸ್ಕ್ಯಾನಿಂಗ್‌ನಲ್ಲಿ ಗಾಯ ಇಷ್ಟು ಮಿಲಿಮೀಟರ್ ದಪ್ಪ ಇದ್ದರೆ ಸುರಕ್ಷಿತ ಎಂಬ ಒಪ್ಪಿತ ಗೆರೆ ಇಲ್ಲ. ಆ ಒಂದು ಅಂಕಿ ತೋರಿಸಿ ಯಾರಾದರೂ ಭರವಸೆ ಕೊಟ್ಟರೂ, ಹೆದರಿಸಿದರೂ ಅದರ ಮೇಲೆ ತೀರ್ಮಾನ ಮಾಡಬೇಡಿ.

ಈ ಕಾರಣಕ್ಕೇ ನಾರ್ಮಲ್ ಪ್ರಯತ್ನ ಎಲ್ಲಿ ಎಂಬುದು, ಪ್ರಯತ್ನ ಮಾಡಬೇಕೇ ಎಂಬಷ್ಟೇ ಮುಖ್ಯ. ರಾತ್ರಿ ಎರಡು ಗಂಟೆಗೂ ಅರಿವಳಿಕೆ ವೈದ್ಯರು ಆಸ್ಪತ್ರೆಯೊಳಗೇ ಇರಬೇಕು, ಫೋನ್ ಮಾಡಿ ಕರೆಸುವಂತಿರಬಾರದು. ರಕ್ತನಿಧಿ ಕೈಗೆಟುಕುವಂತಿರಬೇಕು. ನೋವಿನುದ್ದಕ್ಕೂ ಎದೆಬಡಿತವನ್ನು ಯಂತ್ರದಲ್ಲಿ ಬಿಡದೆ ನೋಡಬೇಕು. ಊರ ಪಕ್ಕದ ಸಣ್ಣ ನರ್ಸಿಂಗ್ ಹೋಂ ಇದಕ್ಕೆ ತಕ್ಕದ್ದಲ್ಲ, ಅಲ್ಲಿನ ವೈದ್ಯರು ಎಷ್ಟೇ ಒಳ್ಳೆಯವರಾಗಿರಲಿ. ನಿಮ್ಮ ಜಿಲ್ಲೆಯಲ್ಲೇ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ರಕ್ತ ಎಲ್ಲವೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ 2011ರಿಂದ ಉಚಿತ. ಈಗಲೇ ಹೋಗಿ ಹೆಸರು ಬರೆಸಿ, ಆಪರೇಷನ್ ಟಿಪ್ಪಣಿ ತೋರಿಸಿ, "ಹಳೆಯ ಸಿಜೇರಿಯನ್ ಇರುವವರಿಗೆ ನಾರ್ಮಲ್ ಪ್ರಯತ್ನ ಇಲ್ಲಿ ಮಾಡಿಸುತ್ತೀರಾ" ಎಂದು ಬಾಯಿಬಿಟ್ಟು ಕೇಳಿ.

ಮತ್ತೆ ದಿನ ಗೊತ್ತುಮಾಡಿ ಸಿಜೇರಿಯನ್ ಮಾಡಿಸಿಕೊಳ್ಳುವುದೂ ನಿಮ್ಮ ಹಕ್ಕು. ಪ್ರಯತ್ನಿಸಿದ ನಾಲ್ವರಲ್ಲಿ ಆ ಒಬ್ಬಳಿಗೆ ನೋವಿನ ನಡುವೆ ಮತ್ತೆ ತುರ್ತು ಆಪರೇಷನ್ ಆಗುತ್ತದೆ. ಸೋಂಕು, ರಕ್ತಸ್ರಾವ ಎಲ್ಲಕ್ಕಿಂತ ಹೆಚ್ಚು ಆ ಗುಂಪಿಗೇ. ಮೊದಲ ಸಲದ ಅನುಭವದಿಂದ ಮನಸ್ಸು ಮುರಿದು "ಮತ್ತೆ ಆ ರಾತ್ರಿ ಬೇಡ" ಎನ್ನುವವರಿಗೆ ನಾನು ಒತ್ತಾಯ ಮಾಡುವುದಿಲ್ಲ. ಆದರೆ ತೀರ್ಮಾನಕ್ಕೆ ಮುಂಚೆ ಗಂಡ ಹೆಂಡತಿ ಕೂತು ಇನ್ನೊಂದು ವಿಷಯ ಮಾತಾಡಿಕೊಳ್ಳಬೇಕು: ಮೂರನೆಯ ಮಗು ಬೇಕೇ?

ಸಿಜೇರಿಯನ್‌ನ ನಿಜವಾದ ಬೆಲೆ ತೆರಬೇಕಾಗುವುದು ಅಲ್ಲಿ. ಪ್ರತಿ ಆಪರೇಷನ್ನಿನ ನಂತರ ಗರ್ಭಕೋಶ, ಮೂತ್ರಕೋಶ, ಕರುಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮುಂದಿನ ಸಲ ಬಿಡಿಸುವಾಗ ಮೂತ್ರಕೋಶಕ್ಕೆ ಗಾಯವಾಗಬಹುದು. ಅದಕ್ಕಿಂತ ದೊಡ್ಡದು ಮಾಸಿನ ಸಮಸ್ಯೆ. ಮಾಸು ಹಳೆಯ ಗಾಯದ ಮೇಲೆ ಬೆಳೆದರೆ ಅದರ ಬೇರು ಗರ್ಭಕೋಶದ ಸ್ನಾಯುವಿನೊಳಕ್ಕೆ ಇಳಿಯುತ್ತದೆ. ಹೆರಿಗೆಯಾದ ಮೇಲೆ ಬಿಡುವುದಿಲ್ಲ, ಎಳೆದರೆ ನಿಮಿಷಗಳಲ್ಲಿ ಲೀಟರುಗಟ್ಟಲೆ ರಕ್ತ ಹೋಗುತ್ತದೆ, ಎಷ್ಟೋ ಸಲ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಮಾಸು ಬಾಯಿಗೆ ಅಡ್ಡವಾಗಿದ್ದು ಹಿಂದೆ ಒಂದು ಸಿಜೇರಿಯನ್ ಆಗಿದ್ದರೆ ಹೀಗೆ ಅಂಟುವ ಸಂಭವ ನೂರಕ್ಕೆ ಸುಮಾರು 11. ಹಿಂದೆ ಎರಡು ಆಗಿದ್ದರೆ 40. ಮೂರು ಆಗಿದ್ದರೆ 61. ಅಡ್ಡ ಮಾಸು ಎಲ್ಲರಿಗೂ ಬರುವುದಿಲ್ಲ ನಿಜ, ಆದರೆ ಸಿಜೇರಿಯನ್ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಎರಡೇ ಮಕ್ಕಳು ಸಾಕು ಎನ್ನುವವರಿಗೆ ಎರಡನೇ ಸಿಜೇರಿಯನ್ ಅಂಥ ದೊಡ್ಡ ಭಾರವಲ್ಲ. ಮೂರು ನಾಲ್ಕು ಬೇಕೆನ್ನುವವರಿಗೆ ಈ ಎರಡನೆಯದು ನಾರ್ಮಲ್ ಆಗುವುದರ ಬೆಲೆ ಬಹಳ. ಒಮ್ಮೆ ನಾರ್ಮಲ್ ಆದರೆ ಅದರ ಮುಂದಿನದೂ ನಾರ್ಮಲ್ ಆಗುವ ಸಂಭವ ನೂರಕ್ಕೆ 85-90ಕ್ಕೆ ಏರುತ್ತದೆ.

ಹಾಗಾಗಿ ನೀವೀಗ ಮಾಡಿಸಬೇಕಾದ ಮೊದಲ ಕೆಲಸ ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಾಸು ಎಲ್ಲಿದೆ ಎಂದು ನೋಡಿಸುವುದು. ಮೇಲೆ ಅಥವಾ ಹಿಂದೆ ಇದ್ದರೆ ನಿಶ್ಚಿಂತೆ. ಮುಂಭಾಗದಲ್ಲಿ ಕೆಳಗಿದೆ ಎಂದರೆ ಕೂಡಲೇ ಹೆದರಬೇಡಿ, ಈ ತಿಂಗಳಲ್ಲಿ ಕೆಳಗಿರುವ ಮಾಸು ಹೆಚ್ಚಿನವರಲ್ಲಿ ಗರ್ಭಕೋಶ ಬೆಳೆದಂತೆ ಮೇಲೆ ಸರಿಯುತ್ತದೆ. ಆದರೆ ಹಳೆಯ ಸಿಜೇರಿಯನ್ ಇರುವ ನಿಮ್ಮಂಥವರು ಗಾಯಕ್ಕೆ ಅಂಟಿದೆಯೇ ಎಂದು ಅನುಭವಿ ಸ್ಕ್ಯಾನಿಂಗ್ ವೈದ್ಯರ ಹತ್ತಿರ ಡಾಪ್ಲರ್ ಸಮೇತ ನೋಡಿಸಲೇಬೇಕು. ನಿಮ್ಮ ನಾದಿನಿ ಮುಂದೆ ಬಸುರಿಯಾದಾಗ ಇನ್ನೂ ಮುಂಚೆ, 6ರಿಂದ 8ನೇ ವಾರದಲ್ಲೇ ಒಂದು ಸ್ಕ್ಯಾನ್ ಮಾಡಿಸಲಿ. ಅಪರೂಪಕ್ಕೆ ಗರ್ಭವೇ ಹಳೆಯ ಗಾಯದೊಳಗೆ ಕೂತುಬಿಡುತ್ತದೆ, ಅದನ್ನು ಬೇಗ ಹಿಡಿದರೆ ಮಾತ್ರ ಸುಲಭ.

ನೀವು ನನ್ನ ಬಳಿ ತೋರಿಸಿಕೊಳ್ಳುತ್ತಿದ್ದರೆ ಮಾಸು ಸರಿಯಾದ ಜಾಗದಲ್ಲಿದ್ದ ಮೇಲೆ ಮುಂದೆ ಹೀಗೆ ಮಾಡುತ್ತಿದ್ದೆ. 24ರಿಂದ 28ನೇ ವಾರದೊಳಗೆ ಗ್ಲೂಕೋಸ್ ಕುಡಿಸಿ ಸಕ್ಕರೆ ಪರೀಕ್ಷೆ, ಯಾಕೆಂದರೆ ಸಕ್ಕರೆ ಏರಿ ಮಗು 4 ಕೆ.ಜಿ. ದಾಟಿದರೆ ನಾರ್ಮಲ್ ಅವಕಾಶ ಕುಗ್ಗುತ್ತದೆ. 36ನೇ ವಾರದಲ್ಲಿ ಮಗುವಿನ ತಲೆ, ತೂಕ ನೋಡಿ, ನಿಮ್ಮಿಬ್ಬರ ಜೊತೆ ಮಾತಾಡಿ, ತೀರ್ಮಾನವನ್ನು ತಾಯಿ ಕಾರ್ಡಿನಲ್ಲೇ ಬರೆದುಬಿಡುತ್ತಿದ್ದೆ. ನೋವು ತಾನಾಗಿ ಬರಲು 41 ವಾರದವರೆಗೆ ಕಾಯುವುದು, ಆಗಲೂ ಬರದಿದ್ದರೆ ಔಷಧಿ ಕೊಟ್ಟು ಬಲವಂತ ಮಾಡದೆ ಸಿಜೇರಿಯನ್. ನೋವು ಬಂದರೆ, 5 ಸೆಂಟಿಮೀಟರ್ ದಾಟಿದ ಮೇಲೆ ಎರಡೆರಡು ಗಂಟೆಗೆ ಪರೀಕ್ಷೆ. ಎರಡು ಪರೀಕ್ಷೆಯಲ್ಲೂ ಬಾಯಿ ತೆರೆಯದಿದ್ದರೆ ಈ ಸಲ ರಾತ್ರಿಯಿಡೀ ಕಾಯುವ ಮಾತಿಲ್ಲ, ಆಗಲೇ ಓಟಿಗೆ. ಹಾಗೆ ಬೇಗ ನಿಲ್ಲಿಸಿದರೆ, ಕಳೆದ ಸಲದ ದಣಿವು ಕೀವು ಎರಡನ್ನೂ ಬಹುಮಟ್ಟಿಗೆ ತಪ್ಪಿಸಬಹುದು.

ನೀವು ದಿನ ಗೊತ್ತುಮಾಡಿದ ಸಿಜೇರಿಯನ್ನನ್ನೇ ಆರಿಸಿಕೊಂಡರೂ ಹತ್ತು ಮಂದಿಯಲ್ಲಿ ಒಬ್ಬರಿಗೆ ಆ ದಿನಕ್ಕಿಂತ ಮುಂಚೆಯೇ ನೋವು ಶುರುವಾಗುತ್ತದೆ. ಆಗ ಏನು ಮಾಡಬೇಕು ಎಂದು ವೈದ್ಯರನ್ನು ಮೊದಲೇ ಕೇಳಿ ಬರೆಸಿಕೊಳ್ಳಿ. ನೀರು ಹೋದರೆ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ನೋವು ಬರತೊಡಗಿದರೆ, ಮೊದಲ ಹೆರಿಗೆಯ ಹಾಗೆ ಮನೆಯಲ್ಲಿ ಕಾಯಬೇಡಿ. ಅನ್ನ ತಿನ್ನುವುದನ್ನು ನಿಲ್ಲಿಸಿ, ಆಪರೇಷನ್ ಟಿಪ್ಪಣಿಯ ನಕಲು ತೆಗೆದುಕೊಂಡು, 108ಕ್ಕೆ ಫೋನ್ ಮಾಡಿಯಾದರೂ ಹೊರಡಿ.